ಐದನೇ ನಿಮಿಷಕ್ಕೆ ನೋಡುಗರು ಎದ್ದು ಹೋಗುವುದೇಕೆ: ರಿಟೆನ್ಷನ್ ಗ್ರಾಫ್ ಓದಿ ಮುಂದಿನ ಎಪಿಸೋಡ್ ಕಟ್ಟುವ ಬಗೆ

ವಿಡಿಯೊದ ಪ್ರತಿ ಹಂತದಲ್ಲಿ ನೂರಕ್ಕೆ ಎಷ್ಟು ಮಂದಿ ನೋಡುತ್ತಿದ್ದರು ಎಂದು ಯೂಟ್ಯೂಬ್ ತೋರಿಸುವ ಗೆರೆಯೇ ರಿಟೆನ್ಷನ್ ಗ್ರಾಫ್. ದೋಷದ ಲಕ್ಷಣ ಇಷ್ಟು: ವಿಡಿಯೊ ಚೆನ್ನಾಗಿ ಶುರುವಾಗುತ್ತದೆ, ಮೊದಲ ಮೂರ್ನಾಲ್ಕು ನಿಮಿಷ ಗ್ರಾಫ್ ನಿಧಾನವಾಗಿ ಇಳಿಯುತ್ತಿರುತ್ತದೆ, ಆಮೇಲೆ ನಡುವೆ ಎಲ್ಲೋ ಒಂದು ಕಡೆ ಧಡಕ್ಕನೆ ಕುಸಿಯುತ್ತದೆ. ಹೀಗಾದಾಗ ಬಹಳಷ್ಟು ಜನ ಎರಡೇ ಮಾತು ಹೇಳುತ್ತಾರೆ: "ಆ ಭಾಗ ಬೋರ್ ಆಗಿದೆ, ಕಿತ್ತುಹಾಕು" ಅಥವಾ "ಎಪಿಸೋಡ್ ಉದ್ದ ಆಯ್ತು, ಚಿಕ್ಕದು ಮಾಡು". ಎರಡೂ ನಿಜವಿರಬಹುದು, ಎರಡೂ ಸುಳ್ಳಿರಬಹುದು. ಕುಸಿತದ ಆಕಾರ ಎಂಥದ್ದು, ಅದು ನಿಖರವಾಗಿ ಎಲ್ಲಿ ಶುರುವಾಯಿತು ಎಂದು ನೋಡದೆ ಕತ್ತರಿ ಹಿಡಿದರೆ ಒಳ್ಳೆಯ ಭಾಗ ಹೋಗಿ ದೋಷ ಅಲ್ಲೇ ಉಳಿಯುತ್ತದೆ. ಈ ಬರಹ ನಡುವಿನ ಕುಸಿತವೊಂದನ್ನೇ ಹಿಡಿದು ನೋಡುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಎಪಿಸೋಡ್ ಊಹಿಸಿಕೊಳ್ಳೋಣ. ದಾವಣಗೆರೆಯ ಇಬ್ಬರು ಗೆಳೆಯರು ಚಿತ್ರದುರ್ಗದ ಕೋಟೆಯ ಮೇಲೆ ಯೂಟ್ಯೂಬ್ ಸರಣಿ ಮಾಡುತ್ತಿದ್ದಾರೆ. ವಯಸ್ಸಿನಲ್ಲಿ ಹಿರಿಯ ನಿರೂಪಕ, ಕಿರಿಯ ಎಡಿಟರ್. ಈ ಸಲದ ವಿಷಯ ಕೋಟೆಯ ನೀರು. ಶೀರ್ಷಿಕೆ: "ಮಳೆ ಕಡಿಮೆ ಇರುವ ಊರು, ಬಂಡೆಯ ಬೆಟ್ಟ: ಕೋಟೆಗೆ ನೀರು ಎಲ್ಲಿಂದ?" ಉದ್ದ 16 ನಿಮಿಷ 40 ಸೆಕೆಂಡ್. ಗ್ರಾಫಿನ ಅಂಕಿಗಳನ್ನು ಲೆಕ್ಕ ತಿಳಿಯಲೆಂದು ನಾನೇ ಇಟ್ಟುಕೊಂಡಿದ್ದೇನೆ. ಕೋಟೆ, ಹೊಂಡಗಳು ಮಾತ್ರ ನಿಜವಾದವು.

ಟೈಮ್‌ಲೈನ್ ಹೀಗಿದೆ. ಮೊದಲ 40 ಸೆಕೆಂಡ್ ಬೆಟ್ಟದ ನೋಟ ಮತ್ತು ಟೈಟಲ್. 2:00ರ ತನಕ ಪ್ರಶ್ನೆಯ ವಿವರಣೆ. 2:00ರಿಂದ ಗೋಪಾಲಸ್ವಾಮಿ ಹೊಂಡ. 5:40ರಿಂದ 7:50ರ ತನಕ ನಾಯಕರ ವಂಶಾವಳಿ. ಅಲ್ಲಿಂದ ಅಕ್ಕತಂಗಿ ಹೊಂಡ, ಸಿಹಿನೀರು ಹೊಂಡ. 11:00ಕ್ಕೆ 1779ರಲ್ಲಿ ಹೈದರಾಲಿ ಕೋಟೆ ಹಿಡಿದ ಪ್ರಸಂಗ, ಮುತ್ತಿಗೆ ಬಿದ್ದಾಗ ಒಳಗಿನ ನೀರಿನ ಬೆಲೆ. 13:30ರಿಂದ ಕೆಳಗೆ ಊರೊಳಗಿನ ಸಂತೆಹೊಂಡ. ಕೊನೆಯ 40 ಸೆಕೆಂಡ್ ಮುಕ್ತಾಯ.

ಗ್ರಾಫ್ ತೆರೆಯುವ ಮೊದಲು

ವಿಡಿಯೊ ಹಾಕಿದ ಸಂಜೆಯೇ ಗ್ರಾಫ್ ನೋಡಿ ಪ್ರಯೋಜನವಿಲ್ಲ. ರಿಟೆನ್ಷನ್ ಲೆಕ್ಕ ಬರಲು ಸಾಮಾನ್ಯವಾಗಿ ಒಂದೆರಡು ದಿನ ಬೇಕು. ಬಂದ ಮೇಲೂ ಎಷ್ಟು ವೀಕ್ಷಣೆಯ ಮೇಲೆ ಆ ಗೆರೆ ನಿಂತಿದೆ ಎಂದು ಮೊದಲು ನೋಡಿ. 300 ವೀಕ್ಷಣೆಯ ವಿಡಿಯೊದಲ್ಲಿ ಶೇ 1 ಎಂದರೆ ಮೂರು ವೀಕ್ಷಣೆ. ಎಂಟನೇ ನಿಮಿಷದಲ್ಲಿ ಗೆರೆ ಶೇ 2ರಷ್ಟು ತಗ್ಗಿದರೆ ಆರು ಮಂದಿ ಹೋದರು ಎಂದರ್ಥ. ಒಬ್ಬರಿಗೆ ಫೋನ್ ಬಂದಿರಬಹುದು, ಇನ್ನೊಬ್ಬರ ಬಸ್ ನಿಲ್ದಾಣ ಬಂದಿರಬಹುದು. ಅಷ್ಟು ಚಿಕ್ಕ ತಗ್ಗನ್ನು ಹಿಡಿದು ಎಡಿಟ್ ಬದಲಿಸುವುದು ಬೇಡ. ದೊಡ್ಡ ಕುಸಿತಕ್ಕೆ ಮಾತ್ರ ಬೆಲೆ ಕೊಡಿ.

ಇನ್ನೊಂದು ಎಚ್ಚರ. ಹೋಮ್ ಪೇಜ್ ಮೂಲಕ ಹೊಸಬರಿಗೆ ವಿಡಿಯೊ ಹೋಗಲು ಶುರುವಾದ ಮೇಲೆ ಇಡೀ ಗೆರೆಯೇ ಕೆಳಗೆ ಸರಿಯುವುದುಂಟು. ವಿಡಿಯೊ ಕೆಟ್ಟಿರುವುದಿಲ್ಲ, ನೋಡುವ ಜನ ಬದಲಾಗಿರುತ್ತಾರೆ. ಹಾಗಾಗಿ ಎರಡು ಎಪಿಸೋಡ್ ಹೋಲಿಸುವಾಗ ಎರಡಕ್ಕೂ ಬಿಡುಗಡೆಯಾದ ಮೊದಲ 7 ದಿನವನ್ನೇ ಇಟ್ಟುಕೊಳ್ಳಿ. ಚಂದಾದಾರರ ಗೆರೆ ಬೇರೆ, ಉಳಿದವರ ಗೆರೆ ಬೇರೆ ಮಾಡಿ ನೋಡಿ. ಕುಸಿತ ಚಂದಾದಾರರಲ್ಲದವರ ಗೆರೆಯಲ್ಲಿ ಮಾತ್ರ ಇದ್ದರೆ ನಿಮ್ಮ ಸರಣಿಯ ಪರಿಚಯವಿಲ್ಲದವರಿಗೆ ಅಲ್ಲಿ ಏನೋ ಅರ್ಥವಾಗಿಲ್ಲ. ಎರಡೂ ಗೆರೆ ಒಂದೇ ಜಾಗದಲ್ಲಿ ಕುಸಿದಿದ್ದರೆ ದೋಷ ಎಪಿಸೋಡಿನದ್ದೇ. ನಮ್ಮ ಉದಾಹರಣೆಯಲ್ಲಿ ಎರಡೂ ಕುಸಿದಿವೆ.

ಎತ್ತರ ಬಿಡಿ, ಇಳಿಜಾರು ನೋಡಿ

ಗ್ರಾಫ್ ಹೇಳುವುದು ಹೀಗೆ. ಶುರುವಿಗೆ ನೂರು ಮಂದಿ ಇದ್ದರು ಎಂದುಕೊಂಡರೆ 2:00ಕ್ಕೆ 54 ಮಂದಿ, 5:10ಕ್ಕೆ 47. ಆಮೇಲೆ 5:40ಕ್ಕೆ 43, 6:50ಕ್ಕೆ ತಗ್ಗಿನ ತಳದಲ್ಲಿ 31. ಅಲ್ಲಿಂದ ಮೇಲೆದ್ದು 7:50ಕ್ಕೆ 37. 11:00ಕ್ಕೆ 33, 13:30ಕ್ಕೆ 31, 16:00ಕ್ಕೆ 28.

47ರಿಂದ 37ಕ್ಕೆ ಬಂದಾಗ ಹತ್ತು ಮಂದಿ ಹೋದರು. ಆದರೆ ಹತ್ತು ಎಂಬ ಸಂಖ್ಯೆಯನ್ನು ನೂರಕ್ಕೆ ಹೋಲಿಸಬಾರದು, ಆ ಹೊತ್ತಿಗೆ ಕುಳಿತಿದ್ದ 47 ಮಂದಿಗೆ ಹೋಲಿಸಬೇಕು. 2:00ರಿಂದ 5:10ರ ತನಕ ಇದ್ದವರಲ್ಲಿ ನಿಮಿಷಕ್ಕೆ ಸುಮಾರು ಶೇ 4 ಮಂದಿ ಎದ್ದಿದ್ದಾರೆ. 5:10ರಿಂದ 7:50ರೊಳಗೆ ಆ ವೇಗ ಶೇ 8ಕ್ಕೆ ಏರಿದೆ, ಎಂದರೆ ಎರಡು ಪಟ್ಟು. ಅಕ್ಕತಂಗಿ ಹೊಂಡದ ಭಾಗದಲ್ಲಿ ಮತ್ತೆ ಶೇ 4ಕ್ಕಿಂತ ಕೆಳಗೆ. 1779ರ ಭಾಗದಲ್ಲಿ ಶೇ 2 ಚಿಲ್ಲರೆ, ಇಡೀ ಎಪಿಸೋಡಿನಲ್ಲೇ ಜನ ಅತಿ ಗಟ್ಟಿಯಾಗಿ ಕುಳಿತ ಜಾಗ.

ಗೆರೆಯ ಎತ್ತರವನ್ನಷ್ಟೇ ನೋಡಿದ್ದರೆ 12ನೇ ನಿಮಿಷ 3ನೇ ನಿಮಿಷಕ್ಕಿಂತ ಕಳಪೆ ಎನ್ನಿಸುತ್ತಿತ್ತು, ಏಕೆಂದರೆ ಅಲ್ಲಿ ಗೆರೆ ಕೆಳಗಿದೆ. ಬಹುತೇಕ ಎಲ್ಲ ವಿಡಿಯೊದಲ್ಲೂ ಗೆರೆ ಕೊನೆಯ ಕಡೆ ಕೆಳಗೇ ಇರುತ್ತದೆ. ಇಳಿಜಾರು ಮಾತ್ರ ಆ ಜಾಗದ ಗುಣವನ್ನು ಹೇಳುತ್ತದೆ.

ಹಾರಿಸಿದರೋ, ಹೋದರೋ

ನಡುವಿನ ಕುಸಿತದಲ್ಲಿ ಎರಡು ಜಾತಿ. ಮೊದಲನೆಯದು ತಗ್ಗಿಗೆ ಇಳಿದು ಮತ್ತೆ ಮೇಲೆದ್ದು ಹಳೆಯ ದಾರಿ ಹಿಡಿಯುವ ಗೆರೆ. ಅಲ್ಲಿ ಜನ ವಿಡಿಯೊ ಬಿಟ್ಟು ಹೋಗಿಲ್ಲ. ಬೆರಳಿನಿಂದ ಮುಂದಕ್ಕೆ ತಳ್ಳಿ ಆ ತುಂಡನ್ನು ಹಾರಿಸಿದ್ದಾರೆ. ಮುಂದಿನದು ಅವರಿಗೆ ಬೇಕಿದೆ, ಈ ತುಂಡು ಬೇಕಿಲ್ಲ. ಎರಡನೆಯದು ಮೆಟ್ಟಿಲಿಳಿದಂತೆ ಕೆಳಗೆ ಬಂದು ಅಲ್ಲೇ ನಿಲ್ಲುವ ಗೆರೆ. ಅಲ್ಲಿ ಜನ ಎದ್ದೇ ಹೋಗಿದ್ದಾರೆ. ಮೊದಲನೆಯದಕ್ಕೆ ಮದ್ದು ಆ ತುಂಡನ್ನು ಮೊಟಕು ಮಾಡುವುದು ಅಥವಾ ಬೇರೆ ಕಡೆ ಇಡುವುದು. ಎರಡನೆಯದಕ್ಕೆ ಮದ್ದು ಆ ತುಂಡಿನಲ್ಲಿ ಇಲ್ಲದೆಯೂ ಇರಬಹುದು.

ನಮ್ಮ ಗೆರೆಯಲ್ಲಿ ಎರಡೂ ಬೆರೆತಿವೆ. 47ರಿಂದ 31ಕ್ಕೆ ಇಳಿದಾಗ 16 ಮಂದಿ ಕಾಣೆಯಾದರು, 7:50ಕ್ಕೆ 6 ಮಂದಿ ಮರಳಿದರು. ಆ ಆರು ಮಂದಿ ವಂಶಾವಳಿ ಹಾರಿಸಿದವರು. 7:50ಕ್ಕೆ "ಅಕ್ಕತಂಗಿ ಹೊಂಡ" ಎಂಬ ಚಾಪ್ಟರ್ ಹೆಸರಿದ್ದುದರಿಂದ ನೇರ ಅಲ್ಲಿಗೆ ಇಳಿದಿದ್ದಾರೆ. ಉಳಿದ ಹತ್ತು ಮಂದಿ ಹೋದವರು. ಇದು ಅಂದಾಜಿನ ಲೆಕ್ಕ ಮಾತ್ರ. ಯಾರೋ ವಾಟ್ಸ್ಆ್ಯಪ್ ಗುಂಪಿನಲ್ಲಿ 7:50ರಿಂದಲೇ ಶುರುವಾಗುವ ಲಿಂಕ್ ಹಂಚಿದ್ದರೂ ಗೆರೆ ಅಲ್ಲಿ ಮೇಲೇಳುತ್ತದೆ.

ಆ ಅನುಮಾನ ತೀರಿಸಿಕೊಳ್ಳಬೇಕಿದ್ದರೆ ಯೂಟ್ಯೂಬ್ ಸ್ಟುಡಿಯೊದ ಗ್ರಾಫ್ ಸಾಲದು, ಕೋಡ್ ಮೂಲಕ ಅಂಕಿ ಕೊಡುವ ಯೂಟ್ಯೂಬ್ ಅನಾಲಿಟಿಕ್ಸ್ ಎಪಿಐ ಕೇಳಬೇಕು. ಅದು ವಿಡಿಯೊವನ್ನು ನೂರು ತುಂಡು ಮಾಡಿ ಪ್ರತಿ ತುಂಡಿಗೂ ಅಂಕಿ ಕೊಡುತ್ತದೆ:

```
ids=channel==MINE
startDate=YYYY-MM-DD
endDate=YYYY-MM-DD
dimensions=elapsedVideoTimeRatio
metrics=audienceWatchRatio,startedWatching,stoppedWatching
filters=video==VIDEO_ID
```

`stoppedWatching` ಆ ತುಂಡೇ ಕೊನೆಯದಾಗಿ ಎಷ್ಟು ಸಲ ನೋಡಲ್ಪಟ್ಟಿತು ಎಂದು ಹೇಳುತ್ತದೆ. ಅದು ಏರಿದರೆ ಜನ ಹೋಗಿದ್ದಾರೆ. ಆ ತುಂಡನ್ನು ಎಷ್ಟು ಪಾಲು ನೋಡಿದರು ಎಂದು ಹೇಳುವ `audienceWatchRatio` ಇಳಿದರೂ `stoppedWatching` ಏರದಿದ್ದರೆ ಹಾರಿಸಿದ್ದಾರೆ. 7:50ರ ತುಂಡಿನಲ್ಲಿ `startedWatching` ಎದ್ದು ಕಂಡರೆ ಅಲ್ಲಿಂದಲೇ ನೋಡಲು ಶುರುಮಾಡಿದ ಹೊಸಬರಿದ್ದಾರೆ. ಕೋಡ್ ಬರೆಯುವವರು ಹತ್ತಿರ ಇಲ್ಲದಿದ್ದರೆ ಈ ಹಂತ ಬಿಟ್ಟರೂ ನಡೆಯುತ್ತದೆ, ಗೆರೆಯ ಆಕಾರವೇ ಮುಕ್ಕಾಲು ಪಾಲು ಹೇಳುತ್ತದೆ.

ನೂರು ತುಂಡು ಎಂಬುದನ್ನು ಮರೆಯಬೇಡಿ. ನಮ್ಮ ವಿಡಿಯೊ ಸರಿಯಾಗಿ 1000 ಸೆಕೆಂಡ್, ಆದ್ದರಿಂದ ಒಂದು ತುಂಡು ಎಂದರೆ 10 ಸೆಕೆಂಡ್. "ಇದೇ ಶಾಟ್‌ನಲ್ಲಿ ಹೋದರು" ಎಂದು ಬೆರಳಿಟ್ಟು ತೋರಿಸುವಷ್ಟು ಸೂಕ್ಷ್ಮ ಈ ಅಂಕಿಗೆ ಇಲ್ಲ.

ಕುಸಿತ ಶುರುವಾದ ಜಾಗಕ್ಕಿಂತ ಹಿಂದೆ ಹೋಗಿ ಕೇಳಿ

ಹೆಚ್ಚಿನವರು ತಪ್ಪುವುದು ಇಲ್ಲಿ. ತಗ್ಗಿನ ತಳಕ್ಕೆ ಹೋಗಿ ಅಲ್ಲಿ ಏನಿದೆ ಎಂದು ನೋಡುತ್ತಾರೆ. 6:50ಕ್ಕೆ ಹೋದರೆ ವಂಶಾವಳಿ ಇದೆ, ಸರಿ, ಅಪರಾಧಿ ಸಿಕ್ಕಿಬಿಟ್ಟ. ನಮ್ಮ ನಿರೂಪಕನೂ ಹೀಗೇ ತೀರ್ಮಾನಿಸಿದ ಎಂದುಕೊಳ್ಳಿ.

"ನಮ್ ಜನಕ್ಕೆ ಇತಿಹಾಸ ಬ್ಯಾಡ ಅಂತ ಕಾಣ್ತತಿ ಕಣಪ್ಪ. ಮುಂದಿನ್ ಸಲ ಬರೇ ಜಾಗ ತೋರ್ಸಿ ಬಿಟ್ಬಿಡಾಣ."

"ಇಲ್ಲಣ್ಣ, 1779ರ ಭಾಗದಾಗೆ ಜನ ಅಲ್ಲಾಡಿಲ್ಲ ನೋಡು. ಅದೂ ಇತಿಹಾಸನೇ ಅಲ್ಲೇನು? ಮತ್ತೆ ವಂಶಾವಳಿ ಶುರುವಾಗಾದು 5:40ಕ್ಕೆ. ಜನ ಏಳಾಕೆ ಶುರು ಮಾಡಿದ್ದು ಅದಕ್ಕೂ ಮೊದ್ಲೇ."

ಎಡಿಟರ್ ಹೇಳಿದ್ದೇ ಸರಿ. 5:10ಕ್ಕೆ 47 ಇದ್ದವರು 5:40ಕ್ಕೆ 43 ಆಗಿದ್ದಾರೆ. ವಂಶಾವಳಿಯ ಒಂದು ಪದವೂ ಇನ್ನೂ ಬಂದಿಲ್ಲ. ಇನ್ನೂ ಕೇಳದ ಮಾತಿಗೆ ಬೇಸತ್ತು ಯಾರೂ ಏಳುವುದಿಲ್ಲ. ಅಲ್ಲದೆ ಮನುಷ್ಯರು ಬೇಸರ ಬಂದ ಕ್ಷಣಕ್ಕೇ ಮುಚ್ಚುವುದಿಲ್ಲ, ಸ್ವಲ್ಪ ಹೊತ್ತು ಕಾಯುತ್ತಾರೆ. ಆದ್ದರಿಂದ ಗೆರೆ ಬಾಗಲು ಶುರುವಾದ ಜಾಗದಿಂದ ಇಪ್ಪತ್ತು ಮೂವತ್ತು ಸೆಕೆಂಡ್ ಹಿಂದೆ ಹೋಗಿ, ಕಣ್ಣು ಮುಚ್ಚಿ ಬರೀ ಕಿವಿಯಿಂದ ಕೇಳಿ. ಆಮೇಲೆ ಮ್ಯೂಟ್ ಮಾಡಿ ಬರೀ ಕಣ್ಣಿನಿಂದ ನೋಡಿ. ಕೇಳುವುದನ್ನು ಹೆಡ್‌ಫೋನಿನಲ್ಲಿ ಒಮ್ಮೆ, ಮೊಬೈಲ್ ಸ್ಪೀಕರಿನಲ್ಲಿ ಒಮ್ಮೆ ಮಾಡಬೇಕು. ದುರ್ಗದ ಬೆಟ್ಟದ ಮೇಲೆ ಗಾಳಿಗೆ ಬಿಡುವಿಲ್ಲ. ಎಡಿಟ್ ಮಾಡುವಾಗ ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿದ್ದ ಮಾತು ಫೋನಿನ ಪುಟ್ಟ ಸ್ಪೀಕರಿನಲ್ಲಿ ಗಾಳಿಯ ಸದ್ದಿನಡಿ ಮುಳುಗಿರಬಹುದು. ಹಾಗಿದ್ದರೆ ಕಥೆಯ ಕಟ್ಟಡವನ್ನು ಮುಟ್ಟಬೇಕಿಲ್ಲ, ಮೈಕಿಗೆ ಗಾಳಿತಡೆ ಹಾಕಿದರೆ ಮುಗಿಯಿತು.

ಜಾಹೀರಾತನ್ನೂ ಇದೇ ಹಂತದಲ್ಲಿ ನೋಡಿಬಿಡಿ. 8 ನಿಮಿಷ ಮೀರಿದ ವಿಡಿಯೊದ ನಡುವೆ ಜಾಹೀರಾತು ಬರಬಹುದು, ಅದರ ಜಾಗವನ್ನು ಯೂಟ್ಯೂಬ್ ತಾನೇ ಆರಿಸಿರಲೂಬಹುದು. ಕುಸಿತದ ಜಾಗದಲ್ಲೇ ಜಾಹೀರಾತಿದ್ದರೆ ಮೊದಲು ಅದನ್ನು ಮಾತು ಮುಗಿಯುವ ಕಡೆಗೆ ಸರಿಸಿ, ಆಮೇಲೆ ಉಳಿದ ಯೋಚನೆ. ನಮ್ಮ ಉದಾಹರಣೆಯಲ್ಲಿ ಜಾಹೀರಾತು 9:00ಕ್ಕೆ ಇದೆ, ಅಲ್ಲಿ ಗೆರೆ ಬಾಗಿಲ್ಲ. ಸದ್ದೂ ಸರಿಯಿದೆ.

ಹಾಗಾದರೆ 5:20ರ ಸುಮಾರಿಗೆ ಏನಿದೆ? ಗೋಪಾಲಸ್ವಾಮಿ ಹೊಂಡದ ದಂಡೆಯಲ್ಲಿ ನಿಂತು ನಿರೂಪಕ ಹೇಳುತ್ತಾನೆ: "ಹೀಗೆ ಈ ಹೊಂಡದಿಂದಾಗಿ ಕೋಟೆಯೊಳಗೆ ಯಾವತ್ತೂ ನೀರಿನ ಕೊರತೆ ಬರಲಿಲ್ಲ."

ದೋಷ ಈ ವಾಕ್ಯದಲ್ಲಿದೆ. ಶೀರ್ಷಿಕೆ ಕೇಳಿದ ಪ್ರಶ್ನೆ "ನೀರು ಎಲ್ಲಿಂದ?" ಅದಕ್ಕೆ ಉತ್ತರ ಸಿಕ್ಕಿತು, ದನಿಯೂ ಮುಗಿಸುವ ದನಿ, ಮೇಲೆ ಎರಡು ಸೆಕೆಂಡ್ ಸಂಗೀತ. ನೋಡುಗನಿಗೆ ವಿಡಿಯೊ ಮುಗಿದಂತೆ ಕೇಳಿಸಿತು. ಆದರೆ ನಿಜವಾದ ಉತ್ತರದ ಅರ್ಧವೂ ಬಂದಿರಲಿಲ್ಲ: ಗೋಪಾಲಸ್ವಾಮಿ ಹೊಂಡ ತುಂಬಿ ಕೋಡಿ ಬಿದ್ದ ನೀರು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಕೆಳಗಿನ ಸಂತೆಹೊಂಡಕ್ಕೆ ಇಳಿಯುವ ಏರ್ಪಾಡು ಈ ಕೋಟೆಯ ದೊಡ್ಡ ಬುದ್ಧಿವಂತಿಕೆ. ಅದನ್ನು ನೋಡುವ ಮೊದಲೇ ಹತ್ತು ಮಂದಿ ಎದ್ದು ಹೋದರಲ್ಲ ಎಂದು ಸಂಕಟವಾಗಬೇಕು. ಆ ಮುಕ್ತಾಯದ ವಾಕ್ಯ ಬಾಗಿಲು ತೆರೆಯಿತು, ಅದರ ಹಿಂದೆಯೇ ಬಂದ ವಂಶಾವಳಿ ಹೊರಗೆ ಕಳಿಸಿತು.

1779ರ ಭಾಗದಲ್ಲಿ ಜನ ಕುಳಿತದ್ದು ಏಕೆಂದೂ ಈಗ ತಿಳಿಯುತ್ತದೆ. ಅಲ್ಲಿ ಇತಿಹಾಸ ನೀರಿನ ಪ್ರಶ್ನೆಗೆ ಹೆಣೆದುಕೊಂಡು ಬಂತು. ವಂಶಾವಳಿ ಯಾವ ಪ್ರಶ್ನೆಗೂ ಹೆಣೆದುಕೊಂಡಿರಲಿಲ್ಲ.

ಮೇಲೆದ್ದ ಗೆರೆಗೂ ಕಾರಣ ಕೇಳಿ

9:20ರ ಸುಮಾರಿಗೆ ಗೆರೆ ಚೂಪಾಗಿ ಮೇಲೆದ್ದಿದೆ. ಅಲ್ಲಿ ಒಂದು ಶಾಸನದ ಕಲ್ಲನ್ನು ಮೂರು ಸೆಕೆಂಡ್ ತೋರಿಸಿ, ಅದರ ಮೇಲೆ ಸಣ್ಣ ಅಕ್ಷರದಲ್ಲಿ ಪಾಠ ಹಾಕಿದ್ದಾರೆ. ಇಂಥ ಏರಿಕೆ ಕಂಡರೆ "ಜನಕ್ಕೆ ಇಷ್ಟವಾಯಿತು" ಎಂದು ಹಿಗ್ಗುವ ಮೊದಲು ಒಮ್ಮೆ ಆ ಜಾಗವನ್ನು ಫೋನಿನಲ್ಲಿ ನೋಡಿ. ಜನ ಹಿಂದಕ್ಕೆ ಎಳೆದು ಮತ್ತೆ ನೋಡಿದ್ದಾರೆ ಎಂಬುದಷ್ಟೇ ಗೆರೆ ಹೇಳುವ ಮಾತು. ಓದಲು ಸಮಯ ಸಾಲದೆ ಎಳೆದಿರಬಹುದು. ಪಾಠವನ್ನು ನೀವೇ ಗಟ್ಟಿಯಾಗಿ ಎರಡು ಸಲ ಓದಿ, ಅಷ್ಟು ಹೊತ್ತು ಪರದೆಯ ಮೇಲೆ ಬಿಡಿ. ಮುಂದಿನ ಸಲ ಆ ಚೂಪು ಮಾಯವಾಗಿ ಗೆರೆ ಸಮತಟ್ಟಾದರೆ ಅದು ನಷ್ಟವಲ್ಲ, ಸರಿಯಾಗಿದೆ ಎಂದರ್ಥ.

ಮುಂದಿನ ಎಪಿಸೋಡ್ ಕಟ್ಟುವಾಗ

ಮುಂದಿನದು ಕೋಟೆಯ ಬಾಗಿಲುಗಳು ಎಂದಿಟ್ಟುಕೊಳ್ಳಿ. ಏಳು ಸುತ್ತಿನ ಕೋಟೆ. ದಾರಿ ಬಾಗಿಲಿಂದ ಬಾಗಿಲಿಗೆ ನೇರ ಹೋಗದೆ ತಿರುಗಿ ತಿರುಗಿ ಹೋಗುತ್ತದೆ. ಪ್ರಶ್ನೆ: ದಾರಿ ಏಕೆ ಹೀಗೆ ತಿರುಗುತ್ತದೆ?

ಬರೆದ ಸ್ಕ್ರಿಪ್ಟ್ ಕೈಯಲ್ಲಿ ಹಿಡಿದು, ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ಪ್ರತಿ ಕೀಲಿನಲ್ಲೂ ಕೊನೆಯ ವಾಕ್ಯದ ಕೆಳಗೆ ಗೆರೆ ಎಳೆಯಿರಿ. ಆ ವಾಕ್ಯ ಕೇಳಿದವನಿಗೆ ಇನ್ನೂ ಏನು ತಿಳಿಯಬೇಕಿದೆ ಎಂದು ಪಕ್ಕದಲ್ಲಿ ಬರೆಯಿರಿ. ಬರೆಯಲು ಏನೂ ಹೊಳೆಯದಿದ್ದರೆ ಅಲ್ಲಿ ಗೆರೆ ಕುಸಿಯುವ ಸಾಧ್ಯತೆ ಹೆಚ್ಚು. ಎರಡನೇ ಬಾಗಿಲ ಹತ್ತಿರ ನಿಂತು "ಹೀಗಾಗಿ ಶತ್ರುಗಳಿಗೆ ಒಳನುಗ್ಗಲು ಆಗುತ್ತಿರಲಿಲ್ಲ" ಎಂದು ಬರೆದಿದ್ದರೆ ಅದು ಹಳೆಯ ದೋಷವೇ. ಅದೇ ಜಾಗದಲ್ಲಿ "ಇಷ್ಟೆಲ್ಲ ಇದ್ದೂ 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿತು, ಹೇಗೆ?" ಎಂದರೆ ಮಾತೂ ಸತ್ಯ, ಕುತೂಹಲವೂ ಉಳಿಯುತ್ತದೆ. ಕೇಳಿದ ಮೇಲೆ ಉತ್ತರ ಕೊಡಲೇಬೇಕು, ಅದೂ ಮುಂದಿನ ಎಪಿಸೋಡಿಗೆ ತಳ್ಳದೆ ಇದರಲ್ಲೇ.

ನಾಯಕರ ವಂಶವನ್ನು ಕೈಬಿಡಬೇಕಿಲ್ಲ. ಎರಡು ನಿಮಿಷ ಒಂದೇ ಚೌಕಟ್ಟಿನಲ್ಲಿ ನಿಂತು ಹೆಸರುಗಳನ್ನು ಹೇಳುವ ಬದಲು, ಯಾವ ಬಾಗಿಲ ಮಾತಿಗೆ ಯಾವ ನಾಯಕ ಬೇಕೋ ಅಲ್ಲಿ ಅವನನ್ನು ಎರಡು ವಾಕ್ಯದಲ್ಲಿ ತನ್ನಿ. ವೇಗ ಎಂದರೆ ಮೂರು ಸೆಕೆಂಡಿಗೊಮ್ಮೆ ಶಾಟ್ ಬದಲಿಸುವುದು ಎಂದುಕೊಂಡವರು ಇದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಹೊಸ ವಿಷಯ ಬಂದಾಗ ಚಿತ್ರ ಬದಲಾಗಲಿ, ಬರದಿದ್ದಾಗ ಚಿತ್ರ ಕುಣಿಸಿದರೂ ಮಾತು ನಿಂತೇ ಇರುತ್ತದೆ.

ಒಂದು ಎಪಿಸೋಡಿಗೆ ಒಂದೇ ಬದಲಾವಣೆ ಮಾಡಿ. ಕೀಲುಗಳನ್ನು ಸರಿಪಡಿಸಿ, ಜೊತೆಗೆ ಉದ್ದವನ್ನೂ 9 ನಿಮಿಷಕ್ಕೆ ಇಳಿಸಿ, ಶುರುವಿನ ಟೈಟಲನ್ನೂ ಕಿತ್ತರೆ, ಗೆರೆ ಸುಧಾರಿಸಿದಾಗ ಯಾವುದರಿಂದ ಎಂದು ತಿಳಿಯುವುದಿಲ್ಲ. ವಿಡಿಯೊ ಚಿಕ್ಕದಾದರೆ ಸರಾಸರಿ ಶೇಕಡಾವಾರು ಸಾಮಾನ್ಯವಾಗಿ ತಾನಾಗಿಯೇ ಏರುತ್ತದೆ, ಅದನ್ನು ಗೆಲುವೆಂದು ತಿಳಿಯಬಾರದು. ಸ್ಟುಡಿಯೊ ನಿಮ್ಮ ಗೆರೆಯ ಹಿಂದೆ ತೋರಿಸುವ `Typical retention` ಕೂಡ ನಿಮ್ಮದೇ ಹಿಂದಿನ, ಸುಮಾರು ಅಷ್ಟೇ ಉದ್ದದ ವಿಡಿಯೊಗಳಿಂದ ಬಂದದ್ದು; ಉದ್ದ ಬದಲಿಸಿದರೆ ಆ ಹೋಲಿಕೆಯ ಗುಂಪೂ ಬದಲಾಗಬಹುದು.

ಸರಿಯಾಯಿತೇ ಎಂದು ನೋಡುವುದು

ಹೊಸ ಎಪಿಸೋಡಿಗೆ 7 ದಿನ ತುಂಬಿದ ಮೇಲೆ ಚಂದಾದಾರರ ಗೆರೆಯನ್ನು ತೆಗೆದುಕೊಂಡು, ಪ್ರತಿ ಕೀಲಿನ ಹಿಂದಿನ ಅರ್ಧ ನಿಮಿಷ, ಮುಂದಿನ ಒಂದು ನಿಮಿಷದ ಇಳಿಜಾರನ್ನು ಲೆಕ್ಕ ಹಾಕಿ. 5:20ಕ್ಕೆ ಹೋಗಿ ನೋಡುವುದಲ್ಲ. ಹೊಸ ಎಪಿಸೋಡಿನಲ್ಲಿ ಆ ಕೀಲು 4:30ಕ್ಕೋ 6:00ಕ್ಕೋ ಇರಬಹುದು. ಹೋಲಿಸಬೇಕಾದ್ದು ಕಥೆಯ ಜಾಗವನ್ನು, ಗಡಿಯಾರದ ಜಾಗವನ್ನಲ್ಲ. ಹಿಂದಿನ ಸಲ ನಿಮಿಷಕ್ಕೆ ಶೇ 8 ಇದ್ದದ್ದು ಉಳಿದ ಭಾಗಗಳಂತೆ ಶೇ 4ರ ಆಸುಪಾಸಿಗೆ ಬಂದಿದ್ದರೆ ಕೀಲು ಸರಿಯಾಗಿದೆ.

ವಾಕ್ಯ ಬದಲಿಸಿದರೂ ಮೆಟ್ಟಿಲು ಹಾಗೇ ಉಳಿದಿದ್ದರೆ ಮುಂದಿನ ಅನುಮಾನ ಶೀರ್ಷಿಕೆಯ ಮೇಲೆ. ಎರಡು ಬಾಗಿಲು ನೋಡಿದರೆ ತೀರುವಷ್ಟೇ ಕುತೂಹಲವನ್ನು ಶೀರ್ಷಿಕೆ ಹುಟ್ಟಿಸಿದ್ದರೆ ಎರಡು ಬಾಗಿಲಾದ ಮೇಲೆ ಜನ ಹೋಗುತ್ತಾರೆ, ಒಳಗಿನ ಕೀಲು ಎಷ್ಟು ಗಟ್ಟಿಯಿದ್ದರೂ. ಆಗ ಮೂರನೆಯ ಎಪಿಸೋಡಿನಲ್ಲಿ ಸ್ಕ್ರಿಪ್ಟನ್ನು ಮುಟ್ಟದೆ ಶೀರ್ಷಿಕೆಯ ಪ್ರಶ್ನೆಯನ್ನು ಮಾತ್ರ ಬದಲಿಸಿ, ಅದೇ ಕೀಲುಗಳ ಇಳಿಜಾರನ್ನು ಮತ್ತೆ ಅಳೆಯಿರಿ.